ಯಾವ ಕೆಲಸಕ್ಕೆ ಕರೆಯಬೇಕು, ಯಾವುದಕ್ಕೆ ಬೇಡ: ಸಲಹೆಗಾರನೊಬ್ಬ ತನ್ನ ಪರಿಚಯ ಬರೆದ ಕಥೆ

(ಸ್ಟಾರ್ಟಪ್‌ಗಳ ಸಲಹಾ ಮಂಡಳಿಗೆ ಸೇರಲು ಹೊರಟ ನಿವೃತ್ತರು ಮತ್ತು ಹಾಲಿ ನೌಕರರ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕಿಳಿಸುವಾಗ ನಡುವಿನ ಕೆಲವು ಪ್ರಶ್ನೆಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಹಾಲಿನವನು. ಒಂದು ಜಿಲ್ಲಾ ಹಾಲು ಒಕ್ಕೂಟದಲ್ಲಿ 27 ವರ್ಷ ಕೆಲಸ ಮಾಡಿದೆ. ಮೊದಲ 11 ವರ್ಷ ಪ್ರಯೋಗಾಲಯದಲ್ಲಿ, ಆಮೇಲೆ ಸಂಗ್ರಹಣೆ ವಿಭಾಗದಲ್ಲಿ. ಭಾಷಣ ಮಾಡುವವನಲ್ಲ. ನಾಲ್ಕು ವರ್ಷದ ಹಿಂದೆ ಇಬ್ಬರು ಹುಡುಗರು ಮನೆಗೆ ಬಂದು, "ಸರ್, ನಮ್ಮ ಕಂಪನಿಯ ಸಲಹಾ ಮಂಡಳಿಗೆ ಬನ್ನಿ" ಅಂದರು. ಬರುತ್ತೇನೆ ಅಂದೆ. ಮಾರನೇ ದಿನ ಅವರೇ ನನ್ನ ಪರಿಚಯ ಬರೆದು ಕಳಿಸಿದರು. ಇವತ್ತಿನ ಮಾತೆಲ್ಲ ಆ ಪರಿಚಯದ ಸುತ್ತಲೇ.

ಅದರಲ್ಲಿ ಹೀಗಿತ್ತು: "ಡೈರಿ ಕ್ಷೇತ್ರದಲ್ಲಿ ಸುಮಾರು ಮೂರು ದಶಕಗಳ ಅಪಾರ ಅನುಭವವುಳ್ಳ ದೂರದೃಷ್ಟಿಯ ನಾಯಕರು. ಹಲವು ಉನ್ನತ ಹುದ್ದೆಗಳನ್ನು ಅಲಂಕರಿಸಿದ್ದಾರೆ. ಕಂಪನಿಯ ಬೆಳವಣಿಗೆಗೆ ಮಾರ್ಗದರ್ಶನ ನೀಡುತ್ತಾರೆ." ಓದಿ ನನ್ನ ಹೆಂಡತಿ, "ಇದು ಯಾರ ಬಗ್ಗೆ?" ಅಂತ ಕೇಳಿದಳು. ನನಗೂ ಸ್ವಲ್ಪ ಹಾಗೇ ಅನಿಸಿತ್ತು. ಆದರೂ ಹುಡುಗರು ಪ್ರೀತಿಯಿಂದ ಬರೆದಿದ್ದಾರೆ, ಇರಲಿ ಅಂತ ಬಿಟ್ಟೆ. ಹಾಗೆ ಬಿಟ್ಟದ್ದೇ ತಪ್ಪಾಯಿತು.

ಅದು ಪ್ರಕಟವಾದ ಮೇಲೆ ಮೂರು ತಿಂಗಳಲ್ಲಿ ನನಗೆ ಬಂದ ಕರೆಗಳನ್ನು ಕೇಳಿ. ಹುಡುಗರಲ್ಲಿ ದೊಡ್ಡವನು ಎರಡು ಸಲ ಫೋನ್ ಮಾಡಿ, ಒಕ್ಕೂಟದ ಎಂಡಿಯವರನ್ನು ಪರಿಚಯ ಮಾಡಿಸಿ ಅಂದ. ಇನ್ನೊಬ್ಬರು ಹೂಡಿಕೆದಾರರನ್ನು ಹುಡುಕಿಕೊಡಿ ಅಂದರು. ನಮ್ಮೂರ ಕಡೆಯ ಒಬ್ಬರು ಮಗನಿಗೆ ಡೈರಿಯಲ್ಲಿ ಕೆಲಸ ಕೊಡಿಸಿ ಅಂತ ಬಂದರು. ಹಾಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ನಿಮ್ಮ ಪರಿಚಯ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಮೂರು ತಿಂಗಳಲ್ಲಿ ನಿಮಗೆ ಯಾವ ಪ್ರಶ್ನೆಗಳು ಬಂದವು ಎಂದು ಬರೆದಿಡಿ. ಎಲ್ಲರೂ ನಿಮ್ಮ ಹಳೆಯ ಕುರ್ಚಿಯನ್ನೇ ಕೇಳುತ್ತಿದ್ದರೆ, ನೀವು ಬರೆದದ್ದು ಕುರ್ಚಿಯ ಪರಿಚಯ.

ಇದೇ ಮೂರು ತಿಂಗಳಲ್ಲಿ ಆ ಹುಡುಗರು ಆರು ವಾರ ಹಾಳು ಮಾಡಿಕೊಂಡರು. ಅದೂ ನನಗೆ ಗೊತ್ತಿದ್ದ ವಿಷಯದಲ್ಲೇ. ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪರಿಣತಿ ಅಂದರೆ ಏನು ಬರೆಯಬೇಕು ಅಂತ ನನಗೆ ತಿಳಿದದ್ದು ಅಲ್ಲೇ.

ಅವರದ್ದು ಹಳ್ಳಿಯ ಹಾಲು ಸಂಘದಲ್ಲಿ ಇಡುವ ಯಂತ್ರ. ರೈತರು ಹಾಲು ತಂದು ಸುರಿದಾಗ ಫ್ಯಾಟು ಮತ್ತು ಸಾಂದ್ರತೆಯನ್ನು ಅದು ಅಳೆಯುತ್ತದೆ. ಅವೆರಡರಿಂದ ಎಸ್‌ಎನ್‌ಎಫ್ ಲೆಕ್ಕ ಹಾಕುತ್ತದೆ. ಎಸ್‌ಎನ್‌ಎಫ್ ಅಂದರೆ ನೀರು, ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಆಮೇಲೆ ದರ ಹಾಕಿ ರೈತರ ಫೋನಿಗೆ ಚೀಟಿ ಕಳಿಸುತ್ತದೆ. ಹುಡುಗರು ಒಂದು ಸಂಘದಲ್ಲಿ ಪ್ರಯೋಗಕ್ಕೆ ಇಟ್ಟಿದ್ದರು. ಒಂದೇ ವಾರದಲ್ಲಿ ಗಲಾಟೆ. "ಹಳೇ ಲೆಕ್ಕದಲ್ಲಿ ನಮ್ಮ ಹಾಲು ಎಂಟೂವರೆ ದಾಟುತ್ತಿತ್ತು, ಈ ಡಬ್ಬದಲ್ಲಿ ಎಂಟೂ ಮೂವತ್ತು ತೋರಿಸುತ್ತೆ" ಅಂತ. ಅಲ್ಲಿ ಪೂರ್ತಿ ದರಕ್ಕೆ ಶೇಕಡಾ 8.5 ಎಸ್‌ಎನ್‌ಎಫ್ ಬೇಕಿತ್ತು. ಕೆಳಗೆ ಬಂದರೆ ಲೀಟರಿಗೆ ಕಡಿತ.

ಹುಡುಗರು ಇಂಜಿನಿಯರುಗಳು. ಸೆನ್ಸರ್ ಕೆಟ್ಟಿದೆ ಅಂದುಕೊಂಡರು. ಸೆನ್ಸರ್ ಬದಲಾಯಿಸಿದರು, ಬೇರೆ ಕಡೆಯಿಂದ ತರಿಸಿದರು, ಅರ್ಥಿಂಗ್ ಸರಿಮಾಡಿಸಿದರು. ಆರು ವಾರ ಕಳೆದರೂ ವ್ಯತ್ಯಾಸ ಹಾಗೇ ಇತ್ತು. ಕೊನೆಗೆ ಬೇರೆ ಯಾವುದೋ ಮಾತಿಗೆ ನನಗೆ ಫೋನ್ ಮಾಡಿದಾಗ ಇದನ್ನೂ ಹೇಳಿದರು. ನಾನು ಕೇಳಿದ್ದು ಒಂದೇ: "ಯಾವ ಸೂತ್ರ ಹಾಕಿದ್ದೀರಿ?" ಆ ಕಡೆ ಮೌನ. ಎಸ್‌ಎನ್‌ಎಫ್‌ಗೆ ಒಂದಕ್ಕಿಂತ ಹೆಚ್ಚು ಸೂತ್ರ ಚಾಲ್ತಿಯಲ್ಲಿವೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಕೆಳಗಿನ ಎರಡು ಸೂತ್ರಗಳಲ್ಲಿ ಅವರು ಎರಡನೆಯದನ್ನು ಹಾಕಿದ್ದರು, ಸಂಘದ ಗೋಡೆಯ ಮೇಲಿದ್ದ ಪಟ್ಟಿ ಮೊದಲನೆಯದರ ಪ್ರಕಾರ ತಯಾರಾದದ್ದು.

```
SNF = CLR/4 + 0.25 × Fat + 0.44
SNF = CLR/4 + 0.21 × Fat + 0.36
```

ಸಿಎಲ್‌ಆರ್ ಅಂದರೆ ಉಷ್ಣತೆಗೆ ತಕ್ಕಂತೆ ತಿದ್ದಿದ ಲ್ಯಾಕ್ಟೋಮೀಟರ್ ಓದು. ನಮ್ಮ ರೈತರು ಡಿಗ್ರಿ ಅಂತಾರಲ್ಲ, ಅದು. ಈಗ ಒಂದು ಹಾಲು ತಗೊಳ್ಳಿ. ಡಿಗ್ರಿ 28.5, ಫ್ಯಾಟು 4. ಮೊದಲ ಸೂತ್ರದಲ್ಲಿ 7.125, ಅದಕ್ಕೆ 1, ಅದಕ್ಕೆ 0.44 ಸೇರಿ 8.565. ಎರಡನೆಯದರಲ್ಲಿ 7.125, 0.84, 0.36 ಸೇರಿ 8.325. ಹಾಲು ಅದೇ, ಹಸು ಅದೇ, ಸೆನ್ಸರಿನ ಓದೂ ಅದೇ. ಒಂದರಲ್ಲಿ ಪೂರ್ತಿ ದರ, ಇನ್ನೊಂದರಲ್ಲಿ ಕಡಿತ. ಹುಡುಗರು ಎರಡು ಸಂಖ್ಯೆ ತಿದ್ದಿದರು, ಅರ್ಧ ಗಂಟೆಯ ಕೆಲಸ. ಇಲ್ಲಿ ಯಾವ ಸೂತ್ರ ಸರಿ ಎಂಬ ಜಗಳಕ್ಕೆ ಹೋಗಬಾರದು. ಯಾವ ಒಕ್ಕೂಟ ದರ ಕೊಡುತ್ತದೋ ಅದರ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಯಂತ್ರ ಇಡುವ ಮೊದಲೇ ಹತ್ತು ಓದುಗಳನ್ನು ಹೊಂದಿಸಿ ನೋಡಬೇಕು.

ಆಮೇಲೂ ಸಣ್ಣ ತಕರಾರೊಂದು ಉಳಿಯಿತು. ಬೆಳಗ್ಗೆ ಸಂಘದ ಪಕ್ಕದ ಮನೆಯವರ ಹಾಲಿಗೆ ಮಾತ್ರ ಓದು ಕೊಂಚ ಕಡಿಮೆ. ಅದೇ ಹಾಲಿನ ಸ್ಯಾಂಪಲ್ಲನ್ನು ಮಧ್ಯಾಹ್ನ ಮತ್ತೆ ನೋಡಿದರೆ ಹೆಚ್ಚು. ಹುಡುಗರು ಮತ್ತೆ ಸೆನ್ಸರಿಗೆ ಕೈ ಹಾಕಲು ಹೊರಟಿದ್ದರು. ಇದು ಹಾಲಿನದೇ ಗುಣ. ಆಗ ತಾನೇ ಕರೆದ ಹಾಲಿನಲ್ಲಿ ಗಾಳಿಯ ಗುಳ್ಳೆ ಇರುತ್ತವೆ, ಕೊಬ್ಬು ಇನ್ನೂ ಕರಗಿದ ಸ್ಥಿತಿಯಲ್ಲಿರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಗಾಳಿ ಹೋಗುತ್ತದೆ, ಕೊಬ್ಬು ಗಟ್ಟಿಯಾಗುತ್ತದೆ, ಸಾಂದ್ರತೆ ಏರುತ್ತದೆ. ಇದಕ್ಕೆ ರೆಕ್‌ನಾಗೆಲ್ ಪರಿಣಾಮ ಅನ್ನುತ್ತಾರೆ. ಏರುವುದು ಹೆಚ್ಚೆಂದರೆ ಒಂದು ಡಿಗ್ರಿಯ ಆಸುಪಾಸು. ಆದರೆ ಸೂತ್ರದಲ್ಲಿ ಡಿಗ್ರಿಯನ್ನು ನಾಲ್ಕರಿಂದ ಭಾಗಿಸುತ್ತೇವಲ್ಲ, ಒಂದು ಡಿಗ್ರಿ ಅಂದರೆ ಕಾಲು ಎಸ್‌ಎನ್‌ಎಫ್. ಅಂಚಿನಲ್ಲಿರುವ ರೈತರಿಗೆ ಅದು ದುಡ್ಡು. ಪ್ರಯೋಗಾಲಯದಲ್ಲಾದರೆ ಸ್ಯಾಂಪಲ್ಲನ್ನು 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಸ್ವಲ್ಪ ಹೊತ್ತು ಇಟ್ಟು, ಆರಿಸಿ ಓದುತ್ತೇವೆ. ಬೆಳಗ್ಗೆ ಆರೂವರೆಗೆ ಕ್ಯಾನು ಹಿಡಿದು ಎಂಬತ್ತು ಜನ ಸಾಲಿನಲ್ಲಿ ನಿಂತಿರುವಾಗ ಅದೆಲ್ಲ ಆಗದ ಮಾತು. ಅದಕ್ಕೆ ನಾನು ಹೇಳಿದ್ದು ಇಷ್ಟೇ: ಕೌಂಟರಿನ ಓದನ್ನೂ ಮಧ್ಯಾಹ್ನದ ಓದನ್ನೂ ಅಕ್ಕಪಕ್ಕ ಇಟ್ಟು ಯಂತ್ರ ತಪ್ಪು ಅನ್ನಬೇಡಿ. ಹೋಲಿಸುವುದಾದರೆ ಒಂದೇ ಹೊತ್ತಿಗೆ, ಚೆನ್ನಾಗಿ ಕಲಕಿದ ಒಂದೇ ಸ್ಯಾಂಪಲ್ಲಿನಲ್ಲಿ ಹೋಲಿಸಿ. ಫ್ಯಾಟಿಗೆ ಆಸಿಡ್ ಹಾಕಿ ಅಳೆಯುವ ಗರ್ಬರ್ ಪರೀಕ್ಷೆ ಪಕ್ಕದಲ್ಲಿರಲಿ.

ಈಗ ಪರಿಚಯಕ್ಕೆ ವಾಪಸು ಬರುತ್ತೇನೆ. "ಮೂರು ದಶಕಗಳ ಅಪಾರ ಅನುಭವ" ಎಂಬ ಮಾತಿನಿಂದ ಆ ಹುಡುಗರಿಗೆ ಇದನ್ನು ನನ್ನ ಹತ್ತಿರ ಕೇಳಬಹುದು ಅಂತ ಹೊಳೆಯಿತೇ? ಇಲ್ಲ. ಅಪಾರ ಅಂದರೆ ಎಲ್ಲಿ ಕೈ ಹಾಕಬೇಕು ಅಂತಲೇ ತಿಳಿಯುವುದಿಲ್ಲ. "ಎಸ್‌ಎನ್‌ಎಫ್ ಓದಿನ ತಕರಾರು ಬಂದರೆ ಸೆನ್ಸರ್ ಬಿಚ್ಚುವ ಮೊದಲು ನನಗೆ ಫೋನ್ ಮಾಡಿ" ಎಂಬ ಒಂದು ಸಾಲು ಇದ್ದಿದ್ದರೆ ಆರು ವಾರ ಉಳಿಯುತ್ತಿತ್ತು. ಅದರಲ್ಲಿ ನನ್ನ ಪರಿಣತಿಯೂ ಕಾಣುತ್ತದೆ, ನಾನು ಮಾಡುವ ಸಹಾಯವೂ ಕಾಣುತ್ತದೆ. ಸೆನ್ಸರ್ ಬಿಚ್ಚುವುದು ಹೊಸಬರು ಮಾಡುವ ತಪ್ಪು ಅಂತ ಗೊತ್ತಿರುವವನು ಮಾತ್ರ ಹಾಗೆ ಬರೆಯಬಲ್ಲ.

ಹುದ್ದೆಗಳ ಪಟ್ಟಿ ಬೇಡವೇ ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಕೇಳುತ್ತಿದ್ದಾರೆ. ಒಂದು ಸಾಲು ಸಾಕು. ಎಲ್ಲಿ, ಎಷ್ಟು ವರ್ಷ, ಯಾವ ಕೆಲಸ. ಹುದ್ದೆಯ ಹೆಸರಿಗಿಂತ ಕೆಲಸದ ಹೆಸರು ಮುಖ್ಯ. ನಾನು "ಉಪ ವ್ಯವಸ್ಥಾಪಕ" ಆಗಿದ್ದೆ ಅಂದರೆ ಯಾರಿಗೂ ಏನೂ ತಿಳಿಯದು. ದಿನಾ ಬೆಳಗ್ಗೆ ಬರುವ ಟ್ಯಾಂಕರುಗಳಲ್ಲಿ ಯಾವುದನ್ನು ಇಳಿಸಿಕೊಳ್ಳಬೇಕು, ಯಾವುದನ್ನು ತಿರಸ್ಕರಿಸಬೇಕು ಅಂತ ಸಹಿ ಹಾಕುವವನಾಗಿದ್ದೆ ಅಂದರೆ ತಿಳಿಯುತ್ತದೆ.

ಬರೀ ದೊಡ್ಡ ಹೆಸರುಗಳು ಎಲ್ಲಿಗೆ ತಲುಪಿಸಬಹುದು ಅನ್ನುವುದಕ್ಕೆ ಅಮೆರಿಕದ ಥೆರನೋಸ್ ಕಂಪನಿಯನ್ನು ನೋಡಿ. ಬೆರಳ ತುದಿಯ ಒಂದೆರಡು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಅಂತ ಹೊರಟವರು. ಅವರ ಮಂಡಳಿಯಲ್ಲಿ ಹೆನ್ರಿ ಕಿಸಿಂಜರ್ ಇದ್ದರು, ಜಾರ್ಜ್ ಶುಲ್ಟ್ಜ್ ಇದ್ದರು. ಇಬ್ಬರೂ ವಿದೇಶಾಂಗ ಮಂತ್ರಿಗಳಾಗಿದ್ದವರು. ಸೇನೆಯವರೂ ಇದ್ದರು. ರಕ್ತ ಪರೀಕ್ಷೆಯ ಪ್ರಯೋಗಾಲಯ ನಡೆಸಿ ಗೊತ್ತಿರುವವರಿಗೆ ಅಲ್ಲಿ ಬರವಿತ್ತು. ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿಲ್ಲ ಅಂತ 2015ರಲ್ಲಿ ಪತ್ರಿಕೆಯಲ್ಲಿ ಬಂತು. ವಿಷಯ ಬಲ್ಲವರ ಸಲಹಾ ಮಂಡಳಿಯನ್ನು ದೊಡ್ಡದಾಗಿ ಕಟ್ಟಲು ಹೊರಟದ್ದು 2016ರಲ್ಲಿ. 2018ರಲ್ಲಿ ಕಂಪನಿ ಮುಚ್ಚಿತು. ಅಲ್ಲಿ ಮೋಸವೂ ಇತ್ತು, ಎಲ್ಲವನ್ನೂ ಮಂಡಳಿಯ ತಲೆಗೆ ಕಟ್ಟಲಾಗದು. ಆದರೆ ಆ ಮಂಡಳಿಯಲ್ಲಿ ಯಂತ್ರದ ಓದನ್ನು ನೋಡಿ "ಇದು ಹೇಗೆ ಬಂತು?" ಅಂತ ಪಟ್ಟು ಹಿಡಿದು ಕೇಳುವವರು ಯಾರಿದ್ದರು?

ಸರಿ, ಸಹಾಯದ ಭಾಗ. ಇಲ್ಲಿ ಎಲ್ಲರೂ ಬರೆಯುವುದು "ಮಾರ್ಗದರ್ಶನ", "ಸಂಪರ್ಕಜಾಲ". ಇವೆರಡೂ ಪದ ಬಳಸುವುದಿಲ್ಲ ಅಂತ ನಾನು ಮೊದಲೇ ತೀರ್ಮಾನಿಸಿದೆ. ಬದಲಿಗೆ ಒಂದು ಹಾಳೆಯಲ್ಲಿ, ಮುಂದಿನ ಒಂದು ವರ್ಷದಲ್ಲಿ ಈ ಹುಡುಗರು ಏನೇನು ಮಾಡಬೇಕಾಗಿ ಬರುತ್ತದೆ ಅಂತ ಬರೆದೆ. ಹೊಸ ಸಂಘದಲ್ಲಿ ಯಂತ್ರ ಇಡುವುದು, ಅಲ್ಲಿನ ಕಾರ್ಯದರ್ಶಿಯನ್ನು ಒಪ್ಪಿಸುವುದು, ರೈತರ ತಕರಾರು ಬಂದಾಗ ಉತ್ತರಿಸುವುದು, ಒಕ್ಕೂಟದ ಮುಂದೆ ಯಂತ್ರದ ಓದು ನಂಬಬಹುದು ಅಂತ ತೋರಿಸುವುದು, ಆ್ಯಪ್ ಸರಿಮಾಡುವುದು, ಹಣ ಎತ್ತುವುದು. ಇದರಲ್ಲಿ ಮೊದಲ ನಾಲ್ಕಕ್ಕೆ ನಾನು ಪ್ರಯೋಜನಕ್ಕೆ ಬರುತ್ತೇನೆ. ಕೊನೆಯ ಎರಡಕ್ಕೆ ನಾನು ಅಡ್ಡಗಾಲು.

ಪರಿಚಯ ಮಾಡಿಸುವ ವಿಷಯದಲ್ಲಿ ಒಂದು ಮಾತು. ಹುಡುಗರು ಸದಾ ಎಂಡಿಯವರನ್ನೇ ಕೇಳುತ್ತಿದ್ದರು. ಆದರೆ ಹಳ್ಳಿಯ ಸಂಘದಲ್ಲಿ ಹೊಸ ಯಂತ್ರ ಉಳಿಯುವುದೋ ಮೂಲೆ ಸೇರುವುದೋ ಎಂಬುದು ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕ ಮತ್ತು ಆ ಮಾರ್ಗದ ವಿಸ್ತರಣಾಧಿಕಾರಿ, ಈ ಮೂವರ ಕೈಯಲ್ಲಿದೆ. ಬೆಳಗ್ಗೆ ಕರೆಂಟ್ ಹೋದಾಗ ಹಳೆಯ ವಿಧಾನಕ್ಕೆ ಹೋಗಬೇಕೋ ಇನ್ವರ್ಟರ್ ಹಾಕಬೇಕೋ ಅಂತ ನಿರ್ಧರಿಸುವವರು ಅವರು. ಯಂತ್ರದ ಕೊಳವೆಯನ್ನು ದಿನಾ ತೊಳೆಯಬೇಕಾದವರೂ ಅವರೇ. ತೊಳೆಯದಿದ್ದರೆ ಹಾಲಿನ ಕಟ್ಟು ಕೂತು ಓದು ಜಾರುತ್ತದೆ. ಹಾಗಾಗಿ ನನ್ನ ಪರಿಚಯದಲ್ಲಿ "ಕಾರ್ಯದರ್ಶಿಗಳ ಮುಂದೆ ಯಂತ್ರದ ಪ್ರಾತ್ಯಕ್ಷಿಕೆಗೆ ಜೊತೆಗೆ ಬರುತ್ತೇನೆ" ಅಂತಿದೆ. ಒಕ್ಕೂಟದ ಖರೀದಿ, ಟೆಂಡರ್ ವಿಷಯದಲ್ಲಿ ಮಾತಾಡುವುದಿಲ್ಲ ಅಂತಲೂ ಇದೆ. ನಾನು ಅಲ್ಲೇ ಕೆಲಸ ಮಾಡಿದವನು, ನನ್ನ ಕೈಕೆಳಗಿದ್ದವರು ಈಗಲೂ ಅಲ್ಲಿದ್ದಾರೆ. ಆ ಸಾಲು ಬರೆದದ್ದು ಹುಡುಗರಿಗೆ ಇಷ್ಟವಾಗಲಿಲ್ಲ. ಒಂದು ದಿನ ಮುನಿಸಿಕೊಂಡರು. ಆಮೇಲೆ ಒಬ್ಬ ಹೂಡಿಕೆದಾರರು ಪರಿಶೀಲನೆಗೆ ಅಂತ ನನಗೇ ಫೋನ್ ಮಾಡಿ, ಮೊದಲು ಕೇಳಿದ್ದು ಅದನ್ನೇ: "ಒಕ್ಕೂಟದ ಆರ್ಡರ್ ನಿಮ್ಮ ಪ್ರಭಾವದಿಂದ ಬಂದದ್ದೇ?" ಪರಿಚಯದಲ್ಲಿ ಬರೆದಿದ್ದನ್ನೇ ಓದಿ ಹೇಳಿದೆ. ಎರಡನೇ ಪ್ರಶ್ನೆ, ತಿಂಗಳಿಗೆ ಎಷ್ಟು ಹೊತ್ತು ಕೊಡುತ್ತೀರಿ ಅಂತ. ಅದೂ ಅಲ್ಲೇ ಇತ್ತು. ಹುಡುಗರು ಒಂದು, ನಾನೊಂದು ಹೇಳುವ ಸಂದರ್ಭವೇ ಬರಲಿಲ್ಲ.

ಈಗ ನಾನೇ ಬರೆದ ಪರಿಚಯವನ್ನು ಓದುತ್ತೇನೆ. ಮೂರನೇ ಸಲ ತಿದ್ದಿದ್ದು.

"ಸಲಹೆಗಾರ, ಹಾಲು ಸಂಗ್ರಹಣೆ ಮತ್ತು ಪರೀಕ್ಷೆ. ಒಂದು ಜಿಲ್ಲಾ ಹಾಲು ಒಕ್ಕೂಟದಲ್ಲಿ 27 ವರ್ಷ: 11 ವರ್ಷ ಪ್ರಯೋಗಾಲಯ, 16 ವರ್ಷ ಸಂಗ್ರಹಣೆ. ಟ್ಯಾಂಕರ್ ಹಾಲನ್ನು ಒಪ್ಪುವ, ತಿರಸ್ಕರಿಸುವ ನಿರ್ಧಾರ ಇವರದಾಗಿತ್ತು. ಫ್ಯಾಟ್, ಎಸ್‌ಎನ್‌ಎಫ್ ಓದಿನ ಬಗ್ಗೆ ರೈತರಿಗೂ ಸಂಘಕ್ಕೂ ತಕರಾರು ಬಂದಾಗ ಅದು ಯಂತ್ರದ್ದೋ, ಸೂತ್ರದ್ದೋ, ಸ್ಯಾಂಪಲ್ ತೆಗೆದ ರೀತಿಯದ್ದೋ ಎಂದು ಬೇರ್ಪಡಿಸುವುದು ಇವರ ಮುಖ್ಯ ಕೆಲಸ. ಹೊಸ ಸಂಘದಲ್ಲಿ ಯಂತ್ರ ಇಡುವ ಮೊದಲು ಅಲ್ಲಿನ ದರಪಟ್ಟಿಯೊಂದಿಗೆ ಓದು ಹೊಂದಿಸಿ ಕೊಡುತ್ತಾರೆ. ಮೊದಲ ಮೂರು ಬೆಳಗಿನ ಸಂಗ್ರಹಣೆಗೆ ಜೊತೆಗಿರುತ್ತಾರೆ. ಕಾರ್ಯದರ್ಶಿಗಳ ಮುಂದೆ ಪ್ರಾತ್ಯಕ್ಷಿಕೆಗೆ ಬರುತ್ತಾರೆ. ತಿಂಗಳಿಗೆ ನಾಲ್ಕು ಗಂಟೆ, ತಕರಾರು ಬಂದರೆ ಅದೇ ದಿನ ಫೋನಿನಲ್ಲಿ. ಹಣ ಎತ್ತುವುದು, ಸಾಫ್ಟ್‌ವೇರ್, ಒಕ್ಕೂಟದ ಖರೀದಿ ಇವರ ವ್ಯಾಪ್ತಿಗೆ ಬರುವುದಿಲ್ಲ. ಶೀತಲೀಕರಣ ಯಂತ್ರಗಳ ಬಗ್ಗೆ ಇವರ ತಿಳಿವಳಿಕೆ ಹಳೆಯದು."

ಕೊನೆಯ ಸಾಲು ಕೇಳಿ ಕೆಲವರು ನಗುತ್ತಿದ್ದೀರಿ. ಹುಡುಗರೂ ನಕ್ಕಿದ್ದರು. ಆದರೆ ಸಂಘಗಳಲ್ಲಿ ಹಾಲು ತಣಿಸುವ ಬಿಎಂಸಿ ಟ್ಯಾಂಕು ಬಂದು, ಹಾಲನ್ನು ಅಲ್ಲೇ 4 ಡಿಗ್ರಿಗೆ ಇಳಿಸುವುದು ಹೆಚ್ಚಾದದ್ದು ನಾನು ಕಚೇರಿಯ ಕೆಲಸಕ್ಕೆ ಬಂದ ಮೇಲೆ. ಅದರ ಕಂಪ್ರೆಸರ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕೇಳಿದ್ದು, ಕೈಯಾರೆ ಮಾಡಿದ್ದಲ್ಲ. ಒಂದು ಸಲ ಅದನ್ನೂ ಹೇಳಿಬಿಟ್ಟು ಹುಡುಗರಿಗೆ ತಪ್ಪು ಗಾತ್ರದ ಟ್ಯಾಂಕಿನ ಅಂದಾಜು ಕೊಟ್ಟಿದ್ದೆ. ಅದೃಷ್ಟಕ್ಕೆ ಕೊಳ್ಳುವ ಮೊದಲೇ ಇನ್ನೊಬ್ಬರು ತಿದ್ದಿದರು.

ಇನ್ನು ಶೇರಿನ ವಿಚಾರ. ಇದನ್ನು ಕೇಳಲೆಂದೇ ಕೆಲವರು ಬಂದಿದ್ದೀರಿ ಅಂತ ಗೊತ್ತು. ಹುಡುಗರು ಮೊದಲ ದಿನವೇ, "ಸರ್, ಅರ್ಧ ಪರ್ಸೆಂಟ್ ಇಎಸ್‌ಒಪಿ ಕೊಡುತ್ತೇವೆ" ಅಂದಿದ್ದರು. ಇಎಸ್‌ಒಪಿ ಅಂದರೆ ಮುಂದೆ ನಿಗದಿತ ಬೆಲೆಗೆ ಕಂಪನಿಯ ಶೇರು ಕೊಳ್ಳುವ ಹಕ್ಕು. ಇದು ಅವರು ಎಲ್ಲೋ ಓದಿದ್ದು. ಅಮೆರಿಕದಲ್ಲಿ ಫೌಂಡರ್ ಇನ್‌ಸ್ಟಿಟ್ಯೂಟ್‌ನವರು ರೂಪಿಸಿದ ಫಾಸ್ಟ್ ಎಂಬ ಮಾದರಿ ಕರಾರಿದೆ. ಅದರಲ್ಲಿ ಹೊಸದಾಗಿ ಶುರುವಾದ ಕಂಪನಿಯ ಸಲಹೆಗಾರರಿಗೆ, ಮಾಡುವ ಕೆಲಸದ ಪ್ರಮಾಣ ನೋಡಿ ಕಾಲು ಪರ್ಸೆಂಟಿನಿಂದ ಒಂದು ಪರ್ಸೆಂಟ್ ತನಕ ಶೇರು. ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಸೇರುತ್ತದೆ. ಒಳ್ಳೆಯ ಮಾದರಿ. ಆದರೆ ನಮ್ಮಲ್ಲಿ ಹಾಗೇ ಎತ್ತಿ ಹಾಕಲಾಗುವುದಿಲ್ಲ. ಕಂಪನಿ ಕಾಯ್ದೆ 2013ರ ಅಡಿ, 2014ರ ಶೇರು ಬಂಡವಾಳ ನಿಯಮಗಳ 12ನೇ ನಿಯಮದ ಪ್ರಕಾರ ಇಎಸ್‌ಒಪಿ ಇರುವುದು ನೌಕರರಿಗೆ ಮತ್ತು ನಿರ್ದೇಶಕರಿಗೆ. ಹೊರಗಿನ ಸಲಹೆಗಾರ ಇವೆರಡೂ ಅಲ್ಲ. ನಮ್ಮ ಸಿಎ ಇದನ್ನು ತೋರಿಸಿದಾಗ ಹುಡುಗರ ಮುಖ ಸಪ್ಪಗಾಯಿತು. ಕೊನೆಗೆ ಒಂದೊಂದು ಸಂಘದ ಪ್ರಯೋಗಕ್ಕೆ ಇಷ್ಟು ಅಂತ ಶುಲ್ಕದ ಕರಾರು ಮಾಡಿಕೊಂಡೆವು. ಶೇರು ಬೇಕೆನ್ನುವವರು ಬೇರೆ ದಾರಿಗಳಿವೆಯೇ ಅಂತ ಕಂಪನಿ ಸೆಕ್ರೆಟರಿಯನ್ನು ಕೇಳಿ, ಬಾಯಿಮಾತಿಗೆ ಒಪ್ಪಬೇಡಿ.

ಇದಕ್ಕೂ ಪರಿಚಯಕ್ಕೂ ಏನು ಸಂಬಂಧ ಅಂದರೆ, ಯಾವುದಕ್ಕೆ ದುಡ್ಡು ಅಂತ ಕರಾರು ಬರೆಯುವಾಗ ನಾವು ಪರಿಚಯದ ಸಾಲುಗಳನ್ನೇ ಎತ್ತಿಕೊಂಡೆವು. ಓದು ಹೊಂದಿಸುವುದು, ಮೂರು ಬೆಳಗು ಜೊತೆಗಿರುವುದು, ಪ್ರಾತ್ಯಕ್ಷಿಕೆ. "ಮಾರ್ಗದರ್ಶನ ನೀಡುತ್ತಾರೆ" ಅಂತಿದ್ದಿದ್ದರೆ ಯಾವುದಕ್ಕೆ ಬಿಲ್ಲು ಬರೆಯುವುದು?

ಇನ್ನೊಂದು ಸಣ್ಣ ಎಚ್ಚರಿಕೆ. "ಮಂಡಳಿ ಸದಸ್ಯ" ಅಂತ ಮೊಟಕಾಗಿ ಬರೆಯಬೇಡಿ, "ಸಲಹಾ ಮಂಡಳಿ" ಅಂತ ಪೂರ್ತಿ ಬರೆಯಿರಿ. ನಿರ್ದೇಶಕ ಮಂಡಳಿಯವರಿಗೆ ಕಾನೂನಿನ ಹೊಣೆಗಾರಿಕೆ ಇದೆ, ನಮಗೆ ಅದಿಲ್ಲ. ಓದುವ ರೈತರಿಗೋ ಬ್ಯಾಂಕಿನವರಿಗೋ ಆ ವ್ಯತ್ಯಾಸ ಗೊತ್ತಾಗಬೇಕು. ಹಳೆಯ ಸಂಸ್ಥೆಯ ಲಾಂಛನವನ್ನು ಫೋಟೋ ಪಕ್ಕ ಹಾಕುವುದೂ ಬೇಡ, ಅವರು ಈ ಕಂಪನಿಗೆ ಬೆನ್ನು ತಟ್ಟಿದ್ದಾರೆ ಅನ್ನಿಸಿಬಿಡುತ್ತದೆ.

ಹೊಸ ಪರಿಚಯ ಹಾಕಿದ ಮೇಲೆ ಮೂರು ತಿಂಗಳ ಕರೆಗಳನ್ನು ಮತ್ತೆ ಬರೆದಿಟ್ಟೆ. ಎಂಡಿಯವರ ವಿಚಾರ ಒಂದೂ ಇಲ್ಲ. ಒಟ್ಟು ಒಂಬತ್ತು ಕರೆ. ಅದರಲ್ಲಿ ನಾಲ್ಕು ದರಪಟ್ಟಿ ಹೊಂದಿಸುವುದಕ್ಕೆ, ಎರಡು ಎಮ್ಮೆ ಹಾಲು ಬೆರೆತಾಗ ಓದು ಏಕೆ ಜಾರುತ್ತದೆ ಅಂತ, ಒಂದು ಕಾರ್ಯದರ್ಶಿಯೊಬ್ಬರು ಯಂತ್ರವನ್ನು ಬಟ್ಟೆ ಮುಚ್ಚಿ ಇಟ್ಟಿದ್ದಾರೆ, ಬಂದು ಮಾತಾಡಿ ಅಂತ. ಇನ್ನೊಂದು ಕಂಪ್ರೆಸರ್ ಬಗ್ಗೆ, ಫೋನ್ ಎತ್ತಿದ ಕೂಡಲೇ ಹುಡುಗ, "ಸರ್, ಇದು ನಿಮಗೆ ಹಳೇದು ಅಂತ ಬರೆದಿದ್ದೀರಿ, ಯಾರನ್ನು ಕೇಳಲಿ ಅಷ್ಟು ಹೇಳಿ" ಅಂದ. ಒಂಬತ್ತನೆಯದು ಮಗನಿಗೆ ಕೆಲಸ ಕೇಳಿದ್ದ ನಮ್ಮೂರವರದೇ. ಅವರು ಪರಿಚಯ ಓದುವವರಲ್ಲ.